ಓವರ್‌ಪ್ರಿಂಟ್, ನಾಕ್‌ಔಟ್: ಅಕ್ಷರ ಮಾಯ ಆಗೋದ್ಯಾಕೆ, ಸುತ್ತ ಬಿಳಿ ಗೆರೆ ಬರೋದ್ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಡಿಟಿಪಿ ಅಂಗಡಿಯವರು ಮತ್ತು ಆಫ್‌ಸೆಟ್ ಪ್ರೆಸ್‌ನವರು ಫೋನಿನಲ್ಲಿ, ಪತ್ರದಲ್ಲಿ, ಪ್ರೆಸ್ಸಿನ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗಳಿವು. ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರು ಮೊದಲಿಂದ ಓದಿ. ಕೆಲಸ ಗೊತ್ತಿದ್ದವರು ತಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಮೊದಲ ಪಾಠ

ಓವರ್‌ಪ್ರಿಂಟ್ ಅಂದ್ರ ಏನ್ರಿ? ನಾಕ್‌ಔಟ್ ಅಂದ್ರ ಏನು?

ಹಳದಿ ಪಟ್ಟಿಯ ಮೇಲೆ ಕಪ್ಪು ಅಕ್ಷರ ಇದೆ ಅಂದುಕೊಳ್ಳಿ. ಇದನ್ನು ಎರಡು ರೀತಿಯಲ್ಲಿ ಅಚ್ಚು ಹಾಕಬಹುದು. ಅಕ್ಷರ ಬರುವ ಜಾಗದಲ್ಲಿ ಹಳದಿಯನ್ನು ಖಾಲಿ ಬಿಟ್ಟು, ಆ ಖಾಲಿ ಜಾಗಕ್ಕೆ ಸರಿಯಾಗಿ ಕಪ್ಪು ಕೂರಿಸುವುದು ನಾಕ್‌ಔಟ್. ಹಳದಿಯನ್ನು ಇಡೀ ಪಟ್ಟಿಗೂ ಹಾಕಿ, ಅದರ ಮೇಲೆಯೇ ಕಪ್ಪು ಹೊಡೆಯುವುದು ಓವರ್‌ಪ್ರಿಂಟ್.

ನಾಕ್‌ಔಟ್ ಒಂಥರಾ ಬಿದರಿ ಕೆಲಸ ಇದ್ದಂಗೆ. ಲೋಹದಲ್ಲಿ ಗೀರು ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರಲ್ಲ, ಗೀರು ಸ್ವಲ್ಪ ಅಗಲವಾದರೂ ಸಂದಿ ಕಾಣುತ್ತದೆ. ಓವರ್‌ಪ್ರಿಂಟ್‌ನಲ್ಲಿ ಸಂದಿಯ ಪ್ರಶ್ನೆಯೇ ಇಲ್ಲ, ಯಾಕಂದ್ರೆ ಏನನ್ನೂ ಕೊರೆದಿರುವುದಿಲ್ಲ.

ನೀವು ಏನೂ ಹೇಳದಿದ್ದರೆ ಪಿಡಿಎಫ್ ಎಲ್ಲವನ್ನೂ ನಾಕ್‌ಔಟ್ ಅಂತಲೇ ತಿಳಿಯುತ್ತದೆ. ಓವರ್‌ಪ್ರಿಂಟ್ ಬೇಕಾದರೆ ಆ ವಸ್ತುವಿಗೆ ಬೇರೆಯಾಗಿ ಗುರುತು ಹಾಕಬೇಕು. ಆ ಗುರುತು ಬಣ್ಣಕ್ಕಲ್ಲ, ವಸ್ತುವಿಗೆ ಅಂಟಿರುತ್ತದೆ. ಬಣ್ಣ ಬದಲಿಸಿದರೂ ಗುರುತು ಹಾಗೇ ಉಳಿಯಬಹುದು. ಮುಂದೆ ಬರುವ ಅರ್ಧ ತೊಂದರೆಗಳು ಇದೊಂದರಿಂದಲೇ ಹುಟ್ಟುತ್ತವೆ.

ಕಪ್ಪು ಅಕ್ಷರದ ಸುತ್ತ ಸಣ್ಣ ಬಿಳಿ ಗೆರೆ ಬಂದದ. ತಪ್ಪು ಮಷೀನ್‌ನವರದೋ, ನಮ್ದೋ?

ಇಬ್ಬರದೂ ಸ್ವಲ್ಪ ಸ್ವಲ್ಪ. ಅಕ್ಷರ ನಾಕ್‌ಔಟ್ ಆಗಿದೆ, ಜೊತೆಗೆ ಪ್ಲೇಟುಗಳ ರಿಜಿಸ್ಟರ್ ಕೂದಲೆಳೆಯಷ್ಟು ಸರಿದಿದೆ. ಎರಡೂ ಕೂಡಿದಾಗ ಮಾತ್ರ ಗೆರೆ ಕಾಣುತ್ತದೆ. 0.1 ಮಿಲಿಮೀಟರ್ ಸರಿದರೂ ಗಾಢ ಬಣ್ಣದ ಮೇಲೆ ಕಣ್ಣಿಗೆ ಬೀಳುತ್ತದೆ. ಲೆನ್ಸ್ ಹಿಡಿದು ನೋಡಿ: ಬಿಳಿ ಗೆರೆ ಎಲ್ಲ ಅಕ್ಷರಕ್ಕೂ ಒಂದೇ ಬದಿಗೆ, ಅಂದರೆ ಎಲ್ಲಕ್ಕೂ ಬಲಕ್ಕೆ ಅಥವಾ ಎಲ್ಲಕ್ಕೂ ಕೆಳಕ್ಕೆ ಇದ್ದರೆ ಅದು ರಿಜಿಸ್ಟರ್ ಸರಿದದ್ದೇ. ಅಕ್ಷರದ ಸುತ್ತಲೂ ಸಮನಾಗಿ ಇದ್ದರೆ ವಿನ್ಯಾಸದಲ್ಲೇ ಬಿಳಿ ಔಟ್‌ಲೈನ್ ಉಳಿದಿರಬಹುದು. ಅದನ್ನು ಫೈಲಿನಲ್ಲಿ ಹುಡುಕಿ.

ನಮ್ಮ ಕಡೆ ಇದು ಜಾಸ್ತಿ ಕಾಣಲು ಒಂದು ಕಾರಣ ಇದೆ. ಎರಡು ಕಲರ್ ಮಷೀನ್ ಇರುವ ಪ್ರೆಸ್‌ನಲ್ಲಿ ನಾಲ್ಕು ಕಲರ್ ಕೆಲಸ ಎರಡು ಸಲ ಓಡುತ್ತದೆ. ಮೊದಲ ಓಟ ಇವತ್ತು, ಎರಡನೆಯದು ನಾಳೆ. ಏಪ್ರಿಲ್–ಮೇ ಒಣ ಬಿಸಿಲಿಗೆ ರಾತ್ರಿ ಬೆಳಗಾಗುವುದರೊಳಗೆ ಕಾಗದ ತೇವ ಕಳೆದುಕೊಂಡು ಕುಗ್ಗುತ್ತದೆ. ಕುಗ್ಗುವುದೂ ಎಲ್ಲ ಕಡೆ ಒಂದೇ ಸಮ ಅಲ್ಲ, ನಾರಿಗೆ ಅಡ್ಡವಾಗಿ ಜಾಸ್ತಿ. ಹಾಳೆಯ ಮಧ್ಯದಲ್ಲಿ ರಿಜಿಸ್ಟರ್ ಕೂಡಿದರೂ ಅಂಚಿನಲ್ಲಿ ಕೂಡುವುದಿಲ್ಲ. ಆಪರೇಟರ್ ಎಷ್ಟು ತಿರುಗಿಸಿದರೂ ಇದನ್ನು ಪೂರ್ತಿ ಸರಿ ಮಾಡಲಾರ. ಎರಡು ಓಟದ ನಡುವೆ ಕಾಗದವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡುವುದು ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಕಪ್ಪು ಅಕ್ಷರಕ್ಕೆ ಓವರ್‌ಪ್ರಿಂಟ್ ಕೊಟ್ಟಿದ್ದರೆ ರಿಜಿಸ್ಟರ್ ಅಷ್ಟು ಸರಿದರೂ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಸ್ಕ್ರೀನ್ ಮ್ಯಾಲ ಅಕ್ಷರ ಚಂದಾಗಿ ಕಾಣ್ತಾವ, ಪ್ರಿಂಟ್‌ನಾಗ ಇಲ್ಲವೇ ಇಲ್ಲ. ಎಲ್ಲಿ ಹೋದ್ವು?

ಬೀದರಿನ ಬಿದರಿ ಅಂಗಡಿಯೊಂದರ ಕರಪತ್ರದ ಫೈಲನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಎಲ್ಲವೂ ಇದೆ.

ಹೊರಪುಟದಲ್ಲಿ ಅರಿಶಿನ ಹಳದಿ ಪಟ್ಟಿ, ಅದರ ಮೇಲೆ ಅಂಗಡಿಯ ವಿಳಾಸ ಕಪ್ಪಿನಲ್ಲಿ. ಅಕ್ಷರದ ಬಣ್ಣ ಬರೀ K 100. ಅದಕ್ಕೆ ಓವರ್‌ಪ್ರಿಂಟ್ ಕೊಟ್ಟಿದ್ದರು, ಸರಿಯಾಗಿಯೇ ಇತ್ತು. ಒಳಪುಟ ಬಿದರಿ ಹೂಜಿಯ ಹಾಗೆ ಪೂರ್ತಿ ಕಪ್ಪು: C 50, M 40, Y 40, K 100. ಅಲ್ಲಿಗೂ ವಿಳಾಸ ಬೇಕು. ಹೊರಪುಟದ್ದನ್ನೇ ಕಾಪಿ ಮಾಡಿ, ಅಂಟಿಸಿ, ಬಣ್ಣ ಬಿಳಿ ಮಾಡಿದರು. ಸ್ಕ್ರೀನ್ ಮೇಲೆ ಕಪ್ಪಿನ ಮೇಲೆ ಬಿಳಿ ವಿಳಾಸ ಎದ್ದು ಕಾಣುತ್ತಿತ್ತು. ಅಚ್ಚಾಗಿ ಬಂದಾಗ ಒಳಪುಟ ಬರೀ ಕಪ್ಪು.

ಏನಾಯಿತು ನೋಡಿ. ಕಾಪಿ ಮಾಡಿದಾಗ ಓವರ್‌ಪ್ರಿಂಟ್ ಗುರುತೂ ಜೊತೆಗೆ ಬಂತು. ಆಫ್‌ಸೆಟ್‌ನಲ್ಲಿ ಬಿಳಿ ಅನ್ನುವ ಇಂಕ್ ಇಲ್ಲ. ಬಿಳಿ ಅಂದರೆ ನಾಲ್ಕೂ ಪ್ಲೇಟ್‌ನಲ್ಲಿ 0. ಕೆಳಗಿನ ಬಣ್ಣವನ್ನು ಕೊರೆಯಬೇಡ, ಅದರ ಮೇಲೆ 0 ಇಂಕ್ ಹಾಕು ಅಂತ ಫೈಲ್ ಹೇಳಿತು. ಪ್ಲೇಟ್ ಮಾಡುವವರ ಸಾಫ್ಟ್‌ವೇರ್ ಹೇಳಿದ್ದನ್ನೇ ಮಾಡಿತು. ಅಕ್ಷರದ ಜಾಗದಲ್ಲೂ 50, 40, 40, 100 ಹಾಗೇ ಉಳಿಯಿತು. ನಾಲ್ಕು ಪ್ಲೇಟಿನಲ್ಲೂ ಅಕ್ಷರದ ಗುರುತೇ ಇಲ್ಲ.

ಸರಿಪಡಿಸಲು ಆ ಅಕ್ಷರವನ್ನು ಆರಿಸಿ Overprint Fill ತೆಗೆದರೆ ಸಾಕು. ಔಟ್‌ಲೈನ್ ಇದ್ದರೆ ಅದರದ್ದನ್ನೂ ತೆಗೆಯಿರಿ. ಬಿಳಿಗೆ ಯಾವತ್ತೂ ಓವರ್‌ಪ್ರಿಂಟ್ ಬೇಡ. ಇಲಸ್ಟ್ರೇಟರ್‌ನ Document Setup ಒಳಗೆ Discard White Overprint in Output ಅಂತ ಒಂದು ಟಿಕ್ ಇದೆ. ಅದು ಇದ್ದರೆ ಬಿಳಿಯ ಓವರ್‌ಪ್ರಿಂಟ್ ಗುರುತು ತಾನಾಗಿಯೇ ಬಿಟ್ಟುಹೋಗುತ್ತದೆ. ಹಳೆಯ ಲೋಗೋ ಫೈಲ್ ತೆರೆದಾಗ ಆ ಟಿಕ್ ಇದೆಯಾ ಅಂತ ಒಮ್ಮೆ ನೋಡಿ.

ನಮ್ದು ಬಿಳಿ ಅಲ್ಲ, ಕಪ್ಪು ಅಕ್ಷರಾನೇ ಹೋಗ್ಯಾದ. ಅದ್ಹ್ಯಾಂಗ?

ಕೆಳಗೆ ಏನಿತ್ತು ಅಂತ ಮೊದಲು ನೋಡಿ. K 100 ಅಕ್ಷರವನ್ನು ಗಾಢ ಫೋಟೋದ ಮೇಲೋ, K ಜಾಸ್ತಿ ಇರುವ ಕಡುನೀಲಿಯ ಮೇಲೋ ಓವರ್‌ಪ್ರಿಂಟ್ ಮಾಡಿದರೆ ಅಕ್ಷರ ಇರುತ್ತದೆ, ಕಾಣುವುದಿಲ್ಲ ಅಷ್ಟೇ. ನಾಕ್‌ಔಟ್ ಆಗಿದ್ದಾಗ ಅಕ್ಷರದ ಕೆಳಗೆ ನೀಲಿ ಇರಲಿಲ್ಲ, ಬರೀ ಕಪ್ಪು ಇತ್ತು, ಸ್ವಲ್ಪವಾದರೂ ಬೇರೆಯಾಗಿ ಕಾಣುತ್ತಿತ್ತು. ಓವರ್‌ಪ್ರಿಂಟ್ ಆದ ಮೇಲೆ ನೀಲಿ ಮತ್ತು ಕಪ್ಪು ಕೂಡಿ ಒಂದೇ ಗಾಢ ಆಯಿತು. ಇದಕ್ಕೆ ಸೆಟ್ಟಿಂಗ್‌ನಲ್ಲಿ ಔಷಧ ಇಲ್ಲ. ಅಕ್ಷರದ ಬಣ್ಣವನ್ನೇ ಬದಲಿಸಬೇಕು.

ಇನ್ನೊಂದು ಕಾರಣ ಎರಡು ಕಲರ್ ಕೆಲಸದಲ್ಲಿ ಬರುತ್ತದೆ. ಫೈಲಿನಲ್ಲಿ ಎರಡು ಕಪ್ಪು ಇರುತ್ತವೆ: ಒಂದು ಮಾಮೂಲಿ ಕಪ್ಪು, ಇನ್ನೊಂದು ಯಾರೋ ಸ್ಪಾಟ್ ಕಲರ್ ಅಂತ ಮಾಡಿಟ್ಟ ಕಪ್ಪು. ಸ್ಪಾಟ್ ಕಪ್ಪಿಗೆ ಬೇರೆಯೇ ಒಂದು ಪ್ಲೇಟ್ ಬೇಕು. ಅದನ್ನು ಯಾರೂ ಮಾಡುವುದಿಲ್ಲ. ಅದರಲ್ಲಿದ್ದ ಅಕ್ಷರ ಅಲ್ಲೇ ಉಳಿಯುತ್ತದೆ. ಇದು ಓವರ್‌ಪ್ರಿಂಟ್ ತೊಂದರೆಯೇ ಅಲ್ಲ, ಆದರೂ ದೂರು ಮಾತ್ರ ಓವರ್‌ಪ್ರಿಂಟ್ ಮೇಲೆ ಬರುತ್ತದೆ.

## ನೋಡುವುದು ಹೇಗೆ, ಹಾಕುವುದು ಎಲ್ಲಿ

ಗಿರಾಕಿ ವಾಟ್ಸ್ಆ್ಯಪ್‌ನಾಗ ಪಿಡಿಎಫ್ ನೋಡಿ ಓಕೆ ಅಂದಾರ. ಇನ್ನೇನು ಚೆಕ್ ಮಾಡ್ಬೇಕ್ರಿ?

ಅವರು ಓಕೆ ಅಂದದ್ದು ಕಾಗುಣಿತಕ್ಕೆ, ಫೋಟೋಗೆ, ಬೆಲೆಗೆ. ಪ್ಲೇಟಿಗೆ ಅಲ್ಲ. ಫೋನಿನ ಪಿಡಿಎಫ್ ಆ್ಯಪ್ ಮತ್ತು ಬ್ರೌಸರ್ ಸಾಮಾನ್ಯವಾಗಿ ಓವರ್‌ಪ್ರಿಂಟ್ ಗುರುತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎಲ್ಲವನ್ನೂ ನಾಕ್‌ಔಟ್ ಆಗಿ ತೋರಿಸುತ್ತವೆ. ಅದಕ್ಕೇ ಮಾಯವಾಗಲಿರುವ ಬಿಳಿ ಅಕ್ಷರ ಅಲ್ಲಿ ಹೊಳೆಯುತ್ತಿರುತ್ತದೆ.

ಅಕ್ರೊಬ್ಯಾಟ್ ರೀಡರ್ ಇದ್ದರೆ Preferences ಒಳಗೆ Page Display ಗೆ ಹೋಗಿ. ಅಲ್ಲಿ Use Overprint Preview ಅಂತ ಇದೆ, ಅದನ್ನು Always ಮಾಡಿ. ಇಷ್ಟಕ್ಕೇ ಬಿಳಿ ಅಕ್ಷರ ಮಾಯವಾಗುವುದು ಸ್ಕ್ರೀನ್ ಮೇಲೆಯೇ ಕಾಣುತ್ತದೆ. ದುಡ್ಡು ಖರ್ಚಿಲ್ಲ, ಒಮ್ಮೆ ಮಾಡಿಟ್ಟರೆ ಸಾಕು. ಪ್ರತಿ ಡಿಟಿಪಿ ಅಂಗಡಿಯ ಕಂಪ್ಯೂಟರ್‌ನಲ್ಲೂ ಇದು ಇರಲೇಬೇಕು ಅಂತ ನನ್ನ ಒತ್ತಾಯ.

ಅಕ್ರೊಬ್ಯಾಟ್ ಪ್ರೊ ಇದ್ದವರು Output Preview ತೆರೆದು Simulate Overprinting ಟಿಕ್ ಮಾಡಿ. ಕರ್ಸರ್ ಅನ್ನು ಅಕ್ಷರದ ಮೇಲೆ ಇಟ್ಟರೆ ಪ್ರತಿ ಪ್ಲೇಟಿನ ಶೇಕಡಾವಾರು ಕಾಣುತ್ತದೆ. ಬಿದರಿ ಕರಪತ್ರದಲ್ಲಿ ಬಿಳಿ ಅಕ್ಷರದ ಮೇಲೆ ಕರ್ಸರ್ ಇಟ್ಟರೆ 0, 0, 0, 0 ಬರಬೇಕಿತ್ತು, 50, 40, 40, 100 ಬರುತ್ತಿತ್ತು. ಹೊರಪುಟದ ಕಪ್ಪು ಅಕ್ಷರವನ್ನು ಇನ್ನೊಂದು ರೀತಿಯಲ್ಲಿ ನೋಡಿ: Black ಟಿಕ್ ತೆಗೆಯಿರಿ. ಹಳದಿ ಪಟ್ಟಿ ತೂತಿಲ್ಲದೆ ಪೂರ್ತಿ ಉಳಿದರೆ ಓವರ್‌ಪ್ರಿಂಟ್ ಇದೆ. ಹಳದಿಯಲ್ಲಿ ಬಿಳಿ ಅಕ್ಷರದ ಆಕಾರ ಕಂಡರೆ ನಾಕ್‌ಔಟ್, ನಾಳೆ ಗೆರೆ ಬರುವ ಜಾಗ ಅದೇ.

ಪ್ರೊ ತಗೊಳ್ಳೋಷ್ಟು ರೊಕ್ಕ ಇಲ್ಲ. ಪ್ಲೇಟ್ ಬೇರೆ ಬೇರೆ ನೋಡೋಕೆ ಬೇರೆ ದಾರಿ?

ಗೋಸ್ಟ್‌ಸ್ಕ್ರಿಪ್ಟ್ ಪುಕ್ಕಟೆ ಸಿಗುತ್ತದೆ. ಹಾಕಿಕೊಂಡು, ಫೈಲ್ ಇರುವ ಫೋಲ್ಡರ್‌ನಲ್ಲಿ ಹೀಗೆ ಟೈಪ್ ಮಾಡಿ. ವಿಂಡೋಸ್‌ನಲ್ಲಿ `gs` ಬದಲು `gswin64c` ಅಂತ ಬರೆಯಿರಿ.

```
gs -o plate-%d.tif -sDEVICE=tiffsep -r200 leaflet.pdf
```

ಬ್ಯಾಚ್ ಫೈಲಿನೊಳಗೆ ಹಾಕುವುದಾದರೆ `%d` ಬದಲು `%%d` ಆಗಬೇಕು. ಪ್ರತಿ ಪುಟಕ್ಕೂ ನಾಲ್ಕು ಬಣ್ಣದ ನಾಲ್ಕು ಬೂದು ಚಿತ್ರ ಬರುತ್ತವೆ, ಸ್ಪಾಟ್ ಕಲರ್ ಇದ್ದರೆ ಅದರದ್ದೂ ಒಂದು. ಇಂಕ್ ಇರುವ ಕಡೆ ಗಾಢ, ಇಲ್ಲದ ಕಡೆ ಬಿಳಿ. ಹಳದಿಯ ಚಿತ್ರ ತೆರೆದು ವಿಳಾಸದ ಜಾಗದಲ್ಲಿ ತೂತು ಇದೆಯಾ ನೋಡಿ. ಪ್ಲೇಟಿಗೆ ಕಳಿಸುವ ಮುಂಚೆ ಎರಡು ನಿಮಿಷದ ಕೆಲಸ.

ಇನ್‌ಡಿಸೈನ್, ಕೋರಲ್‌ನಾಗ ಈ ಸೆಟ್ಟಿಂಗ್ ಎಲ್ಲಿ ಅದ?

ಇನ್‌ಡಿಸೈನ್‌ನಲ್ಲಿ Preferences ಒಳಗೆ Appearance of Black ನೋಡಿ. Overprint [Black] Swatch at 100% ಮೊದಲೇ ಟಿಕ್ ಆಗಿರುತ್ತದೆ. ಆದರೆ ಇದು [Black] ಅನ್ನುವ ಆ ಒಂದು ಸ್ವಾಚ್‌ಗೆ ಮಾತ್ರ. ನೀವೇ 0, 0, 0, 100 ಅಂತ ಹೊಸ ಸ್ವಾಚ್ ಮಾಡಿ ಅಕ್ಷರಕ್ಕೆ ಹಾಕಿದರೆ ಅದು ನಾಕ್‌ಔಟ್ ಆಗುತ್ತದೆ. ಎರಡೂ ಸ್ಕ್ರೀನ್ ಮೇಲೆ ಒಂದೇ ಥರ ಕಾಣುವುದರಿಂದ ಅರ್ಧ ಪುಟಕ್ಕೆ ಗೆರೆ, ಅರ್ಧಕ್ಕೆ ಇಲ್ಲ ಅನ್ನುವ ವಿಚಿತ್ರ ಆಗುತ್ತದೆ. [Black] ನ 80% ಟಿಂಟ್ ಕೂಡ ನಾಕ್‌ಔಟೇ. ಬೇರೆ ವಸ್ತುಗಳಿಗೆ Window, Output, Attributes ನಲ್ಲಿ Overprint Fill ಮತ್ತು Overprint Stroke ಇವೆ.

ಕೋರಲ್‌ನಲ್ಲಿ ವಸ್ತುವಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ Overprint Fill ಮತ್ತು Overprint Outline ಸಿಗುತ್ತವೆ. ಪಿಡಿಎಫ್ ಮಾಡುವಾಗ ಆ ಗುರುತು ಉಳಿಯುವಂತೆ ಸೆಟ್ಟಿಂಗ್ ಇಟ್ಟಿದ್ದೀರಾ ನೋಡಿ. ಕೋರಲ್‌ನಿಂದ ಜೆಪಿಜಿ ಮಾಡಿ ಕಳಿಸಿದರೆ ಇದ್ಯಾವುದೂ ಇಲ್ಲ. ಅಲ್ಲಿ ಅಕ್ಷರ ಅಕ್ಷರವೇ ಅಲ್ಲ, ಚಿತ್ರದ ಚುಕ್ಕೆ.

ಕಪ್ಪು ಅಕ್ಷರದ ಅಂಚಿಗೆ ಕೆಂಪು, ನೀಲಿ ನೆರಳು ಬರ್ತದ. ಬಿಳಿ ಗೆರೆ ಅಲ್ಲ.

ನಿಮ್ಮ ಕಪ್ಪು ಒಂದು ಪ್ಲೇಟಿನ ಕಪ್ಪಲ್ಲ, ನಾಲ್ಕು ಪ್ಲೇಟಿನದು. ಸಾಮಾನ್ಯವಾಗಿ ವರ್ಡ್‌ನಲ್ಲಿ ನುಡಿಯಿಂದ ಟೈಪ್ ಮಾಡಿದ ಪಠ್ಯ ಪಿಡಿಎಫ್ ಆಗಿ ಬಂದಾಗ ಹೀಗಾಗುತ್ತದೆ. ಅದರ ಕಪ್ಪು ಆರ್‌ಜಿಬಿ. ಸಿಎಂವೈಕೆಗೆ ಬದಲಾಗುವಾಗ ಅದು C 75, M 68, Y 67, K 90 ಆಸುಪಾಸಿಗೆ ಹೋಗುತ್ತದೆ. ಈಗ ಒಂದು ಸಣ್ಣ ಒತ್ತಕ್ಷರವನ್ನು ನಾಲ್ಕು ಪ್ಲೇಟ್ ಒಂದರ ಮೇಲೊಂದು ಕರಾರುವಾಕ್ಕಾಗಿ ಹೊಡೆಯಬೇಕು. ಸ್ವಲ್ಪ ಸರಿದರೂ "ಕ್ಷ್ಮ" ಅನ್ನುವಲ್ಲಿ ಒತ್ತಿನ ಹೊಟ್ಟೆ ತುಂಬಿಹೋಗುತ್ತದೆ. ಇದಕ್ಕೆ ಓವರ್‌ಪ್ರಿಂಟ್ ಕೊಟ್ಟರೂ ಪ್ರಯೋಜನ ಇಲ್ಲ. ಮೊದಲು ಅದನ್ನು ಬರೀ K ಮಾಡಬೇಕು.

ವರ್ಡ್‌ನಿಂದ ಪಠ್ಯವನ್ನಷ್ಟೇ ತಂದು ಇನ್‌ಡಿಸೈನ್‌ನಲ್ಲಿ [Black] ಹಾಕುವುದೇ ಒಳ್ಳೆಯ ದಾರಿ. ಪಿಡಿಎಫ್ ಒಂದೇ ಇದ್ದರೆ ಅಕ್ರೊಬ್ಯಾಟ್ ಪ್ರೊದ Convert Colors ನಲ್ಲಿ Preserve Black ಟಿಕ್ ಮಾಡಿ ಬದಲಿಸಿ. ಆಮೇಲೆ ಕರ್ಸರ್ ಇಟ್ಟು ಬರೀ Black ನಲ್ಲಿ ಅಂಕಿ ಬರುತ್ತದಾ ನೋಡಿ.

## ಸ್ವಲ್ಪ ಆಳಕ್ಕೆ

ಹಾಗಾದ್ರ ಎಲ್ಲಾ ಕಪ್ಪಿಗೂ ಓವರ್‌ಪ್ರಿಂಟ್ ಕೊಟ್ಟುಬಿಟ್ರ ಆಯ್ತಲ್ಲ?

ಬೇಡ. ಕಪ್ಪು ಇಂಕ್ ಪೂರ್ತಿ ಮುಚ್ಚುವುದಿಲ್ಲ, ಕೆಳಗಿನದು ಸ್ವಲ್ಪ ಇಣುಕುತ್ತದೆ. ಸಣ್ಣ ಅಕ್ಷರದಲ್ಲಿ ಅದು ಕಾಣುವುದಿಲ್ಲ. ಜಾತ್ರೆಯ ಪೋಸ್ಟರ್‌ನ ದಪ್ಪ ತಲೆಬರಹ ಅರ್ಧ ಫೋಟೋ ಮೇಲೆ, ಅರ್ಧ ಬಿಳಿ ಕಾಗದದ ಮೇಲೆ ಇದ್ದರೆ ಒಂದೇ ಅಕ್ಷರದಲ್ಲಿ ಎರಡು ಕಪ್ಪು ಕಾಣುತ್ತವೆ: ಫೋಟೋ ಮೇಲೆ ಕಡುಕಪ್ಪು, ಕಾಗದದ ಮೇಲೆ ಬೂದುಗಪ್ಪು. ಅಂಥ ದಪ್ಪ ಅಕ್ಷರಕ್ಕೆ C 40, M 30, Y 30, K 100 ಥರದ ರಿಚ್ ಬ್ಲ್ಯಾಕ್ ಕೊಟ್ಟು ನಾಕ್‌ಔಟ್ ಮಾಡಿ. ಓದುವ ಗಾತ್ರದ ಪಠ್ಯಕ್ಕೆ ಬರೀ K ಮತ್ತು ಓವರ್‌ಪ್ರಿಂಟ್. ನಾನು ಇಟ್ಟುಕೊಂಡಿರುವ ಗಡಿ ಸುಮಾರು 24 ಪಾಯಿಂಟ್, ತೆಳು ಫಾಂಟ್ ಆದರೆ ಇನ್ನೂ ಮೇಲಕ್ಕೆ.

ಹಳೇ ತಾರೀಖಿನ ಮ್ಯಾಲ ಬಿಳಿ ಡಬ್ಬಿ ಇಟ್ಟು ಹೊಸಾದು ಬರೆದಿದ್ವಿ. ಪ್ರಿಂಟ್‌ನಾಗ ಎರಡೂ ಬಂದಾವ!

ಆ ಡಬ್ಬಿ ಮೊದಲು ಕಪ್ಪು ಡಬ್ಬಿಯಾಗಿತ್ತು ಅಥವಾ ಅಂಥದ್ದರಿಂದ ಕಾಪಿ ಆಗಿದೆ. ಅದಕ್ಕೆ ಓವರ್‌ಪ್ರಿಂಟ್ ಗುರುತು ಇದೆ, ಹಾಗಾಗಿ ಅದು ಏನನ್ನೂ ಮುಚ್ಚಲಿಲ್ಲ. ಗುರುತು ತೆಗೆದರೆ ಸರಿಹೋಗುತ್ತದೆ, ಆದರೆ ಹಳೆಯ ತಾರೀಖನ್ನೇ ಅಳಿಸುವುದು ಇನ್ನೂ ಒಳ್ಳೆಯದು.

ಕಪ್ಪು ಹಿನ್ನೆಲೆ ಮ್ಯಾಲ ಬಿಳಿ ಅಕ್ಷರ ಬಂತು, ಆದ್ರ ಒಳಗೆ ಬಣ್ಣ ನುಗ್ಗಿ ಓದೋಕೆ ಬರಲ್ಲ.

ಬಿದರಿ ಕರಪತ್ರದ ಎರಡನೇ ಕಂತು ಇದು. ಓವರ್‌ಪ್ರಿಂಟ್ ತೆಗೆದ ಮೇಲೆ ನಾಲ್ಕೂ ಪ್ಲೇಟಿನಲ್ಲಿ ಅಕ್ಷರದ ತೂತು ಆಯಿತು. ಒಂದು ಪ್ಲೇಟ್ ಸರಿದರೂ ಆ ಬಣ್ಣ ತೂತಿನೊಳಗೆ ಬರುತ್ತದೆ. 7 ಪಾಯಿಂಟ್ ಕನ್ನಡಕ್ಕೆ ಅಷ್ಟು ಸಾಕು ಕೆಡಲು.

ಇದಕ್ಕೆ ಒಂದು ಹಳೆಯ ಉಪಾಯ ಇದೆ. ಬಿಳಿ ಅಕ್ಷರಕ್ಕೆ 0.5 ಪಾಯಿಂಟ್‌ನ ಔಟ್‌ಲೈನ್ ಕೊಡಿ, ಬಣ್ಣ ಬರೀ K 100, C, M, Y ಮೂರೂ 0. ಔಟ್‌ಲೈನ್ ಅಕ್ಷರದ ಹಿಂದೆ ಇರಲಿ, ಇಲ್ಲದಿದ್ದರೆ ಅಕ್ಷರ ತೆಳುವಾಗುತ್ತದೆ. ಹೊರಗೆ ಕಾಣುವುದು 0.25 ಪಾಯಿಂಟ್, ಅಂದರೆ ಸುಮಾರು 0.09 ಮಿಲಿಮೀಟರ್. ಈಗ C, M, Y ಪ್ಲೇಟಿನ ತೂತು ಅಷ್ಟು ದೊಡ್ಡದು, K ಪ್ಲೇಟಿನದು ಅಕ್ಷರದಷ್ಟೇ. ಅಕ್ಷರದ ಅಂಚನ್ನು ಕಪ್ಪು ಒಂದೇ ಹಿಡಿಯುತ್ತದೆ, ಉಳಿದ ಮೂರು ಸ್ವಲ್ಪ ಸರಿದರೂ ಒಳಗೆ ಬರುವುದಿಲ್ಲ.

ಇಲ್ಲಿ ಆ ಕಪ್ಪು ಔಟ್‌ಲೈನ್ ನಾಕ್‌ಔಟ್ ಆಗಿರಲೇಬೇಕು. ಓವರ್‌ಪ್ರಿಂಟ್ ಆದರೆ ಕೆಳಗಿನ C, M, Y ಹಾಗೇ ಉಳಿದು ಉಪಾಯ ಕೆಲಸ ಮಾಡುವುದಿಲ್ಲ. ಇನ್‌ಡಿಸೈನ್‌ನಲ್ಲಿ ಇದಕ್ಕೆ [Black] ಹಾಕಬೇಡಿ, ನೀವೇ ಮಾಡಿದ 0, 0, 0, 100 ಸ್ವಾಚ್ ಹಾಕಿ. ಮೇಲೆ ಎಚ್ಚರಿಕೆ ಕೊಟ್ಟ ಅದೇ ಸ್ವಾಚ್ ಇಲ್ಲಿ ಬೇಕಾಗುತ್ತದೆ.

ಓವರ್‌ಪ್ರಿಂಟ್ ಟಿಕ್ ಮಾಡಿದ್ರೂ ನಾಕ್‌ಔಟ್ ಆಗ್ಯಾದ. ಪಿಡಿಎಫ್ ಒಳಗ ಏನ್ ಬರೆದಿರ್ತದ?

ಪಿಡಿಎಫ್ ಒಳಗೆ ಓವರ್‌ಪ್ರಿಂಟ್ ಹೀಗಿರುತ್ತದೆ:

```
/GS1 << /Type /ExtGState /OP true /op true /OPM 1 >>
```

`OP` ಔಟ್‌ಲೈನ್‌ಗೆ, `op` ಫಿಲ್‌ಗೆ. `OPM` ಅನ್ನುವುದೇ ಇಲ್ಲಿ ಕೀಲಿಕೈ. ಅಕ್ಷರದ ಬಣ್ಣ `0 0 0 1 k`, ಅಂದರೆ C, M, Y ಮೂರೂ 0, K ಪೂರ್ತಿ. `OPM` 1 ಇದ್ದರೆ 0 ಇರುವ ಬಣ್ಣವನ್ನು ಮುಟ್ಟಬೇಡ ಅಂತ ಅರ್ಥ, ಕೆಳಗಿನ ಹಳದಿ ಉಳಿಯುತ್ತದೆ. `OPM` 0 ಇದ್ದರೆ ಆ 0 ಗಳೂ ಪ್ಲೇಟಿಗೆ ಹೋಗುತ್ತವೆ, ಹಳದಿ 0 ಆಗುತ್ತದೆ. ಟಿಕ್ ಇದ್ದೂ ನಾಕ್‌ಔಟ್. ಬಿಳಿಗೆ, ಅಂದರೆ `0 0 0 0 k` ಗೆ, ಇದು ತಿರುಗುಮುರುಗು: `OPM` 1 ಆದರೆ ಮಾಯ, 0 ಆದರೆ ಸರಿಯಾಗಿ ಬರುತ್ತದೆ.

ಇನ್ನೊಂದು ಮಿತಿ ಇದೆ. `OPM` ಕೆಲಸ ಮಾಡುವುದು ನೇರವಾಗಿ ಬರೆದ ಸಿಎಂವೈಕೆ ಬಣ್ಣಕ್ಕೆ ಮಾತ್ರ. ಬರೀ ಗ್ರೇ ಆಗಿ ಬರೆದ ಕಪ್ಪಿಗೆ, ಪ್ರೊಫೈಲ್ ಅಂಟಿಸಿದ ಸಿಎಂವೈಕೆಗೆ, ಚಿತ್ರಗಳಿಗೆ ಪಿಡಿಎಫ್ ನಿಯಮದ ಪ್ರಕಾರ ಅದು ಅನ್ವಯಿಸುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಕಪ್ಪು ಗ್ರೇ ಆಗಿ ಹೋಗಿದ್ದರೆ ಟಿಕ್ ಇದ್ದರೂ ಗೆರೆ ಬರಬಹುದು.

ಪ್ಲೇಟ್ ಹಾಕೋರು "ನಾವೇ ಬ್ಲ್ಯಾಕ್ ಓವರ್‌ಪ್ರಿಂಟ್ ಮಾಡ್ತೀವಿ, ನೀವು ಬಿಡ್ರಿ" ಅಂತಾರ. ಬಿಡಬಹುದಾ?

ಏನನ್ನು ಮಾಡುತ್ತಾರೆ ಅಂತ ಕೇಳಿ ಬಿಡಿ. ಪ್ಲೇಟ್ ಹೈದರಾಬಾದಿನಲ್ಲಾಗಲಿ ಕಲಬುರಗಿಯಲ್ಲಾಗಲಿ, ಅವರ ಸಾಫ್ಟ್‌ವೇರ್‌ನಲ್ಲಿ ಎರಡು ಥರ ಇರಬಹುದು. ಕೆಲವು ಕಡೆ K 100 ಇರುವ ಎಲ್ಲವನ್ನೂ ಓವರ್‌ಪ್ರಿಂಟ್ ಮಾಡುತ್ತಾರೆ. ಆಗ ನಿಮ್ಮ ಕಪ್ಪು ಔಟ್‌ಲೈನ್ ಉಪಾಯ ಹೋಯಿತು, ದೊಡ್ಡ ಕಪ್ಪು ಡಬ್ಬಿಯ ಕೆಳಗಿನ ಫೋಟೋ ಇಣುಕಿತು. ಇನ್ನು ಕೆಲವು ಕಡೆ ಕಪ್ಪು ಟೆಕ್ಸ್ಟ್‌ಗೆ ಮಾತ್ರ ಮಾಡುತ್ತಾರೆ. ಇದು ಮೇಲು. ಆದರೆ ಫಾಂಟ್ ಒಡೆಯುತ್ತದೆ ಅನ್ನುವ ಹೆದರಿಕೆಗೆ ನಾವು ಕನ್ನಡವನ್ನೆಲ್ಲ ಕರ್ವ್ಸ್ ಮಾಡಿ ಕಳಿಸುತ್ತೇವಲ್ಲ, ಆ ಅಕ್ಷರ ಅವರ ಸಾಫ್ಟ್‌ವೇರ್‌ಗೆ ಟೆಕ್ಸ್ಟ್ ಅಲ್ಲ, ಬರೀ ಆಕಾರ. ಇಂಗ್ಲಿಷ್ ಸಾಲಿಗೆ ಓವರ್‌ಪ್ರಿಂಟ್ ಆಗುತ್ತದೆ, ಕನ್ನಡ ಸಾಲಿಗೆ ಗೆರೆ ಉಳಿಯುತ್ತದೆ. ಕರ್ವ್ಸ್ ಮಾಡುವುದಾದರೆ ಓವರ್‌ಪ್ರಿಂಟ್ ಗುರುತನ್ನು ನೀವೇ ಹಾಕಿ ಕಳಿಸಬೇಕು, ಮತ್ತು ಫೈಲಿನಲ್ಲಿರುವ ಗುರುತನ್ನು ಹಾಗೇ ಇಡಿ ಅಂತ ಅವರಿಗೆ ಹೇಳಬೇಕು.

ಅವರ ಸಾಫ್ಟ್‌ವೇರ್ ಗುರುತನ್ನು ಪಾಲಿಸುತ್ತದಾ ಅಂತ ನೋಡಲು ಘೆಂಟ್ ವರ್ಕ್‌ಗ್ರೂಪ್ ಅನ್ನುವ ಸಂಸ್ಥೆ ಔಟ್‌ಪುಟ್ ಸೂಟ್ ಎಂಬ ಪರೀಕ್ಷಾ ಪಿಡಿಎಫ್‌ಗಳನ್ನು ಕೊಡುತ್ತದೆ. ಒಮ್ಮೆ ಪ್ರೂಫ್ ತೆಗೆಸಿ. ಚೌಕದಲ್ಲಿ X ಗುರುತು ಎದ್ದು ಕಂಡರೆ ಅಲ್ಲಿ ಓವರ್‌ಪ್ರಿಂಟ್ ತಪ್ಪುತ್ತಿದೆ ಅಂತ ಲೆಕ್ಕ. ಆ ಪ್ರೂಫ್ ಹಾಳೆಯನ್ನು ಪ್ಲೇಟ್‌ನವರ ಎದುರಿಗೇ ಇಟ್ಟು ಮಾತಾಡಿ.